ಹಣ ವರ್ಗಾವಣೆ ಅರ್ಧಕ್ಕೆ ನಿಂತರೆ ಡೇಟಾಬೇಸ್ ಏನು ಮಾಡುತ್ತದೆ?

ಪ್ರಶ್ನೆ: ಒಂದು ಖಾತೆಯಿಂದ ಹಣ ಕಳೆದು, ಇನ್ನೊಂದಕ್ಕೆ ಸೇರುವ ಮೊದಲೇ ಸರ್ವರ್ ಆಫ್ ಆದರೆ ಆ ಹಣ ಎಲ್ಲಿಗೆ ಹೋಗುತ್ತದೆ? ಆ್ಯಸಿಡ್ ಗುಣಗಳು ಅಂದರೆ ಇದೇನಾ?

ಕಳೆಯುವುದು, ಸೇರಿಸುವುದು ಎರಡನ್ನೂ ಒಂದೇ ವ್ಯವಹಾರವಾಗಿ, ಅಂದರೆ ಒಂದೇ ಟ್ರಾನ್ಸಾಕ್ಷನ್ ಆಗಿ ಬರೆದಿದ್ದರೆ ಎಲ್ಲಿಗೂ ಹೋಗುವುದಿಲ್ಲ, ಮೊದಲ ಖಾತೆಗೇ ಮರಳುತ್ತದೆ. ಹೌದು, ಆ್ಯಸಿಡ್ ಅಂದರೆ ಇಂಥ ವ್ಯವಹಾರಕ್ಕೆ ಇರಬೇಕಾದ ನಾಲ್ಕು ಗುಣಗಳು, ಅವುಗಳಲ್ಲಿ ಮೊದಲನೆಯದು ಇದೇ: ಅಟಾಮಿಸಿಟಿ, ಅಂದರೆ ಪೂರ್ತಿ ಆಗಬೇಕು, ಇಲ್ಲವೇ ಏನೂ ಆಗಬಾರದು.

ಇದರ ಗುಟ್ಟು ಲಾಗ್ ಕಡತದಲ್ಲಿದೆ. ಅ ಖಾತೆಯಲ್ಲಿ 1000, ಬ ಖಾತೆಯಲ್ಲಿ 200 ಇದೆ, 300 ವರ್ಗಾಯಿಸಬೇಕು. ಡೇಟಾಬೇಸ್ ಖಾತೆಯನ್ನು ಡಿಸ್ಕ್‌ನಲ್ಲಿ ಬದಲಿಸುವ ಮೊದಲೇ ಲಾಗ್‌ನಲ್ಲಿ ‘ಅ: 1000 ಇದ್ದದ್ದು 700’ ಎಂದು ಬರೆದಿಡುತ್ತದೆ. ಅಷ್ಟರಲ್ಲಿ ಕರೆಂಟ್ ಹೋಯಿತು. ಮತ್ತೆ ಶುರುವಾದಾಗ ಲಾಗ್ ಓದಿದರೆ, ಈ ವ್ಯವಹಾರ ಮುಗಿಯಿತು ಎಂದು ಹೇಳುವ `COMMIT` ನಮೂದೇ ಇಲ್ಲ. ಹಾಗಾಗಿ ಅ ಖಾತೆಯನ್ನು 1000ಕ್ಕೆ ತಿರುಗಿಸುತ್ತದೆ.

ಆ ನಮೂದು ಡಿಸ್ಕ್ ಸೇರಿದ ಮೇಲೆ ಕರೆಂಟ್ ಹೋಗಿದ್ದರೆ? ಆಗ ಲಾಗ್ ನೋಡಿಯೇ 700 ಮತ್ತು 500 ಮಾಡಿ ಮುಗಿಸುತ್ತದೆ. ಇದು ಡ್ಯೂರಬಿಲಿಟಿ, ಶಾಶ್ವತತೆ.

ಐಸೊಲೇಷನ್ ಅಂದರೆ ವರ್ಗಾವಣೆಯ ನಡುವೆ ಬೇರೊಬ್ಬರು ಎರಡೂ ಖಾತೆಗಳ ಬಾಕಿ ಕೂಡಿ ನೋಡಿದರೆ 1200ರ ಬದಲು 900 ಕಾಣದಂತೆ ಮರೆ ಕಟ್ಟುವುದು. ಕನ್ಸಿಸ್ಟೆನ್ಸಿ, ಅಂದರೆ ದತ್ತಾಂಶ ನಿಯಮ ಮುರಿಯದಿರುವುದು, ಇದರ ಬಗ್ಗೆ ಮಾತ್ರ ಎಚ್ಚರ: ‘ಬಾಕಿ ಸೊನ್ನೆಗಿಂತ ಇಳಿಯಬಾರದು’ ಎಂಬಂಥ ನಿಯಮವನ್ನು ನೀವು ಬರೆದಿದ್ದರಷ್ಟೇ ಡೇಟಾಬೇಸ್ ಕಾಯುತ್ತದೆ. 300 ಕಳೆದು 200 ಮಾತ್ರ ಸೇರಿಸುವ ಪ್ರೋಗ್ರಾಂ ಬರೆದರೆ, ಅದನ್ನೂ ನಿಷ್ಠೆಯಿಂದ ಉಳಿಸಿಕೊಡುತ್ತದೆ!