“ನನಗೆ ಬೇಡ, ನನ್ನ ಫ್ರೆಂಡ್‌ಗೆ ಕೇಳಿ” ಅನ್ನುವ ಮೊದಲು

ಪ್ರಶ್ನೆ: ಒಂದು ಕನ್ಸಲ್ಟೆನ್ಸಿಯಿಂದ ನನಗೆ ಕರೆ ಬಂತು. ಟೆಸ್ಟಿಂಗ್ ಕೆಲಸ. ನನಗೆ ಬದಲಿಸುವ ಮನಸ್ಸಿರಲಿಲ್ಲ, ಬೇಡ ಅಂದೆ. “ನಿಮ್ಮ ಫ್ರೆಂಡ್ಸ್ ಯಾರಾದರೂ ಇದ್ದರೆ ಹೇಳಿ ಮೇಡಂ” ಅಂದರು. ಗೆಳತಿಯೊಬ್ಬಳು ಕೆಲಸ ಹುಡುಕುತ್ತಿದ್ದಳು. ಅವಳ ರೆಸ್ಯೂಮೆ ನನ್ನ ಹತ್ತಿರ ಇತ್ತು, ವಾಟ್ಸಾಪ್ ಮಾಡಿಬಿಟ್ಟೆ. ಹತ್ತು ದಿನದ ಮೇಲೆ ಅವಳ ಭಾವ ತಮ್ಮ ಕಂಪನಿಯಲ್ಲಿ ಅವಳನ್ನು ರೆಫರ್ ಮಾಡಲು ಹೋದರೆ “ಇವರ ಹೆಸರು ಈಗಾಗಲೇ ಬಂದಿದೆ” ಅಂತ ತೋರಿಸಿತಂತೆ. ಕನ್ಸಲ್ಟೆನ್ಸಿಯವರು ಕಳಿಸಿದ್ದು ಅದೇ ಕಂಪನಿಗೆ. ಈಗ ಅವಳು ನನ್ನ ಜೊತೆ ಸರಿಯಾಗಿ ಮಾತಾಡುತ್ತಿಲ್ಲ. ಒಳ್ಳೆಯದು ಮಾಡಲು ಹೋಗಿ ತಪ್ಪು ಮಾಡಿದೆನಾ?

ಹೌದು, ತಪ್ಪಾಗಿದೆ. ಅವಳನ್ನು ಒಂದು ಮಾತು ಕೇಳದೆ ರೆಸ್ಯೂಮೆ ಕಳಿಸಿದಿರಿ. ಈ ಒಂದೇ ತಪ್ಪಿನ ಬೇರೆ ಬೇರೆ ಕಥೆಗಳು ನನಗೆ ತಿಂಗಳಿಗೆ ನಾಲ್ಕೈದಾದರೂ ಬರುತ್ತವೆ. ನಾನು ಮೊದಲು ಕನ್ಸಲ್ಟೆನ್ಸಿಯಲ್ಲಿ ಕೆಲಸ ಮಾಡಿದವನು, ಆಮೇಲೆ ಕಂಪನಿಯ ಎಚ್‌ಆರ್ ಕಡೆಗೆ ಬಂದವನು. ಎರಡೂ ಕಡೆಯಿಂದ ಇದನ್ನು ನೋಡಿದ್ದೇನೆ. ನಿಮ್ಮ ಗೆಳತಿಯ ಹೆಸರು ಅಲ್ಲಿ ಹೇಗೆ ಸಿಕ್ಕಿಕೊಂಡಿತು ಅನ್ನುವುದನ್ನು ಮೊದಲು ಹೇಳುತ್ತೇನೆ. ಅದು ಗೊತ್ತಾದರೆ ಉಳಿದದ್ದು ತಾನಾಗಿ ಅರ್ಥವಾಗುತ್ತದೆ.

ಕನ್ಸಲ್ಟೆನ್ಸಿಗೆ ದುಡ್ಡು ಬರುವುದು ಅಭ್ಯರ್ಥಿ ಕೆಲಸಕ್ಕೆ ಸೇರಿದಾಗ. ವರ್ಷದ ಸಂಬಳದ 8.33 ಶೇಕಡಾ, ಅಂದರೆ ಒಂದು ತಿಂಗಳ ಸಂಬಳದಷ್ಟು, ಇಲ್ಲಿ ಬಹಳ ಕಾಲದಿಂದ ನಡೆದುಬಂದ ದರ. ಹುದ್ದೆ ನೋಡಿ ಇದು ಜಾಸ್ತಿಯೂ ಆಗುತ್ತದೆ. ಹನ್ನೆರಡು ಲಕ್ಷದ ಕೆಲಸಕ್ಕೆ ಒಬ್ಬರು ಸೇರಿದರೆ ಸುಮಾರು ಒಂದು ಲಕ್ಷ. ಆದರೆ ಒಂದೇ ಹುದ್ದೆಗೆ ಒಂದು ಕಂಪನಿ ಹಲವು ಕನ್ಸಲ್ಟೆನ್ಸಿಗಳಿಗೆ ಹೇಳಿರುತ್ತದೆ. ಒಬ್ಬರನ್ನೇ ಇಬ್ಬರು ಕಳಿಸಿದರೆ ದುಡ್ಡು ಯಾರಿಗೆ? ಈ ಜಗಳ ಬೇಡ ಅಂತ ಕಂಪನಿಗಳು ಒಂದು ನಿಯಮ ಇಟ್ಟುಕೊಂಡಿವೆ. ಯಾರು ಮೊದಲು ಹೆಸರು ಹಾಕಿದರೋ ಅಭ್ಯರ್ಥಿ ಅವರ ಪಾಲು. ಸಾಮಾನ್ಯವಾಗಿ ಆರು ತಿಂಗಳು, ಕೆಲವು ಕಡೆ ಅದಕ್ಕಿಂತ ಕಡಿಮೆ, ಕೆಲವು ಕಡೆ ಒಂದು ವರ್ಷ. ಸಾಫ್ಟ್‌ವೇರ್ ಇದನ್ನು ಇಮೇಲ್ ಮತ್ತು ಮೊಬೈಲ್ ನಂಬರ್ ನೋಡಿ ಹಿಡಿಯುತ್ತದೆ. ಆಮೇಲೆ ಅದೇ ಇಮೇಲ್‌ನಿಂದ ಯಾರು ಪ್ರಯತ್ನಿಸಿದರೂ “ಈಗಾಗಲೇ ಬಂದಿದೆ” ಅಂತಲೇ ಬರುತ್ತದೆ.

ನಿಮ್ಮ ಗೆಳತಿಗೆ ಆಗಿದ್ದು ಇದೇ. ಅವಳ ಭಾವನಿಗೆ ರೆಫರಲ್ ಬೋನಸ್ ತಪ್ಪಿರಬಹುದು, ಅದು ದೊಡ್ಡ ವಿಷಯವಲ್ಲ. ದೊಡ್ಡ ವಿಷಯ ಬೇರೆ ಇದೆ. ಒಳಗಿನವರು “ಇವರ ಕೆಲಸ ನಾನು ಬಲ್ಲೆ” ಅಂತ ಹೇಳಿದ ರೆಸ್ಯೂಮೆಯನ್ನು ನಾವು ಎಚ್‌ಆರ್‌ನವರು ಮೊದಲು ತೆಗೆದು ನೋಡುತ್ತೇವೆ. ಜೊತೆಗೆ ಅದಕ್ಕೆ ಕನ್ಸಲ್ಟೆನ್ಸಿಗೆ ಕೊಡುವ ಖರ್ಚಿಲ್ಲ. ಅದೇ ಹುಡುಗಿ ಕನ್ಸಲ್ಟೆನ್ಸಿ ಮೂಲಕ ಬಂದರೆ ಅವಳು ನಲವತ್ತು ರೆಸ್ಯೂಮೆಗಳ ಒಂದು ಕಟ್ಟಿನಲ್ಲಿ ಒಬ್ಬಳು. ನೀವು ಕಳಿಸಿದ ಒಂದು ವಾಟ್ಸಾಪ್ ಮೆಸೇಜಿನಿಂದ ಅವಳು ಮೊದಲ ಸಾಲಿನಿಂದ ಆ ಕಟ್ಟಿಗೆ ಬಂದಳು.

ಈಗ ಸರಿಪಡಿಸುವ ವಿಷಯ. ಇದನ್ನು ನೀವು ಮಾಡಲಾಗದು, ಅವಳೇ ಮಾಡಬೇಕು. ಅವಳು ಆ ಕನ್ಸಲ್ಟೆನ್ಸಿಗೆ ಒಂದು ಇಮೇಲ್ ಬರೆಯಲಿ: “ನನ್ನ ರೆಸ್ಯೂಮೆ ನಿಮಗೆ ನನ್ನಿಂದ ಬಂದಿಲ್ಲ. ಈ ಕಂಪನಿಗೆ ಕಳಿಸಲು ನೀವು ನನ್ನ ಒಪ್ಪಿಗೆ ಕೇಳಿಲ್ಲ. ದಯವಿಟ್ಟು ಹಿಂದಕ್ಕೆ ತೆಗೆದುಕೊಳ್ಳಿ.” ಅದೇ ಇಮೇಲನ್ನು ಭಾವನ ಮೂಲಕ ಕಂಪನಿಯ ಎಚ್‌ಆರ್‌ಗೂ ಕಳಿಸಲಿ. ಅಭ್ಯರ್ಥಿಯ ಒಪ್ಪಿಗೆ ಪಡೆದೇ ಕಳಿಸಬೇಕು ಅಂತ ಬಹಳಷ್ಟು ಕಂಪನಿಗಳು ಕನ್ಸಲ್ಟೆನ್ಸಿಗಳ ಜೊತೆ ಮಾಡಿಕೊಂಡ ಒಪ್ಪಂದದಲ್ಲೇ ಬರೆದಿರುತ್ತವೆ. ಒಪ್ಪಿಗೆಯ ಇಮೇಲ್ ತೋರಿಸಿ ಅಂದಾಗ ಅವರ ಹತ್ತಿರ ಇರುವುದಿಲ್ಲ. ಆಗ ಎಚ್‌ಆರ್ ಮನಸ್ಸು ಮಾಡಿದರೆ ಹೆಸರು ಬಿಡಿಸಬಹುದು. ಖಂಡಿತ ಆಗುತ್ತದೆ ಅಂತ ಹೇಳಲಾರೆ. ಆದರೆ ಇಂಟರ್ವ್ಯೂ ಶುರುವಾಗುವ ಮೊದಲು ಕೇಳಿದರೆ ಆಗುವ ಸಾಧ್ಯತೆ ಜಾಸ್ತಿ. ಅವಳು ಕನ್ಸಲ್ಟೆನ್ಸಿಯವರ ಕರೆಗೆ “ಹೂಂ, ಆಯ್ತು” ಅಂದಿದ್ದರೆ ಅಥವಾ ಅವರು ಗೊತ್ತುಮಾಡಿದ ಇಂಟರ್ವ್ಯೂಗೆ ಹೋಗಿದ್ದರೆ ಈ ದಾರಿ ಮುಚ್ಚಿದಂತೆ. ಹಾಗಾಗಿ ಇವತ್ತೇ ಅವಳಿಗೆ ಫೋನ್ ಮಾಡಿ. ಕಳಿಸಿದ ದಿನಾಂಕ, ಕನ್ಸಲ್ಟೆನ್ಸಿಯ ಹೆಸರು, ಮಾತಾಡಿದವರ ನಂಬರ್, ನಿಮ್ಮ ವಾಟ್ಸಾಪ್ ಮೆಸೇಜಿನ ಸ್ಕ್ರೀನ್‌ಶಾಟ್, ಎಲ್ಲ ಕೊಡಿ. ಕ್ಷಮೆ ಕೇಳುವುದರ ಜೊತೆಗೆ ಇದನ್ನೂ ಕೊಟ್ಟರೆ ಅವಳ ಕೈಗೆ ಏನಾದರೂ ಸಿಕ್ಕಂತಾಗುತ್ತದೆ.

ಇನ್ನು ಮುಂದಿನ ಸಲ. ಗೆಳೆಯರ ನಂಬರ್ ರಿಕ್ರೂಟರ್‌ಗೆ ಹೋಗಬಾರದು, ರಿಕ್ರೂಟರ್ ನಂಬರ್ ಗೆಳೆಯರಿಗೆ ಹೋಗಬೇಕು. ಕರೆ ಬಂದಾಗ “ನನಗೆ ಬೇಡ, ಒಬ್ಬರು ಇದ್ದಾರೆ, ಅವರನ್ನು ಕೇಳಿ ಹೇಳುತ್ತೇನೆ. ವಿವರ ಕಳಿಸಿ” ಅನ್ನಿ. ಅಷ್ಟೇ. ಆದರೆ ವಿವರ ಅಂದರೆ ಪಿಡಿಎಫ್‌ನಲ್ಲಿ ಬರುವ ಎರಡು ಪುಟದ ಒಣ ಪಟ್ಟಿಯಲ್ಲ. ನೀವು ಕೇಳಬೇಕಾದದ್ದು ಬೇರೆ. ನೀವು ಕಂಪನಿಯವರೇನಾ, ಕನ್ಸಲ್ಟೆನ್ಸಿಯವರಾ? ಕಂಪನಿಯ ಹೆಸರೇನು? ಸಂಬಳ ಎಷ್ಟರವರೆಗೆ? ಆಫೀಸ್ ಎಲ್ಲಿ, ವಾರಕ್ಕೆ ಎಷ್ಟು ದಿನ ಹೋಗಬೇಕು? ಎಷ್ಟು ನೋಟಿಸ್ ಪೀರಿಯಡ್‌ವರೆಗೆ ಕಾಯುತ್ತಾರೆ?

ಕಂಪನಿಯ ಹೆಸರು ಈಗಲೇ ಹೇಳಲ್ಲ ಅನ್ನುವ ಕನ್ಸಲ್ಟೆನ್ಸಿಗಳಿವೆ. ಹೇಳಿದರೆ ಅಭ್ಯರ್ಥಿ ನೇರವಾಗಿ ಹೋಗಿಬಿಡುತ್ತಾರೆ ಅನ್ನುವ ಭಯ ಅವರಿಗೆ, ಆ ಭಯ ಸುಳ್ಳೂ ಅಲ್ಲ. ನಿಮಗೆ ಹೇಳದಿದ್ದರೂ ಪರವಾಗಿಲ್ಲ. ಆದರೆ ಗೆಳತಿಯ ರೆಸ್ಯೂಮೆ ಕಳಿಸುವ ಮೊದಲು ಅವಳಿಗೆ ಹೇಳಲೇಬೇಕು. ಹೆಸರು ಗೊತ್ತಿಲ್ಲದ ಕಂಪನಿಗೆ ರೆಸ್ಯೂಮೆ ಹೋಗಲು ಯಾರೂ ಒಪ್ಪಬಾರದು. ಈ ವಿಷಯದಲ್ಲಿ ನಾನು ಸ್ವಲ್ಪ ಗಟ್ಟಿ. ಒಬ್ಬರು ಆಗ ಕೆಲಸ ಮಾಡುತ್ತಿದ್ದ ಕಂಪನಿಗೇ ಅವರ ರೆಸ್ಯೂಮೆ ಹೋದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ನೋಟಿಸ್ ಪೀರಿಯಡ್ ಪ್ರಶ್ನೆಯನ್ನು ಯಾಕೆ ಸೇರಿಸಿದೆ? ಒಂದು ಉದಾಹರಣೆ ತೆಗೆದುಕೊಳ್ಳಿ. ಗೆಳತಿಗೆ ಆರು ವರ್ಷದ ಅನುಭವ, ಈಗ ಹತ್ತು ಲಕ್ಷ, ನೋಟಿಸ್ 90 ದಿನ. ಹುದ್ದೆಗೆ ಹದಿಮೂರು ಲಕ್ಷದವರೆಗೆ ಕೊಡುತ್ತಾರೆ, ಕೆಲಸವೂ ಅವಳದೇ. ಆದರೆ 30 ದಿನದಲ್ಲಿ ಸೇರಬೇಕು. ಇದನ್ನು ಮೊದಲೇ ಕೇಳಿದ್ದರೆ ಗೆಳತಿ ತನ್ನ ಕಂಪನಿಯಲ್ಲಿ ನೋಟಿಸ್ ಬೈಔಟ್ ಇದೆಯಾ, ಅಂದರೆ ಉಳಿದ ದಿನಗಳಿಗೆ ದುಡ್ಡು ಕಟ್ಟಿ ಬೇಗ ಬಿಡಬಹುದಾ ಅಂತ ನೋಡುತ್ತಿದ್ದಳು. ಬರಿಯ ಮೂಲ ವೇತನದ ಮೇಲೆ ಲೆಕ್ಕ ಹಾಕುವ ಕಂಪನಿಗಳಿವೆ, ಇಡೀ ಸಂಬಳದ ಮೇಲೆ ಹಾಕುವವೂ ಇವೆ. ಇಡೀ ಸಂಬಳವಾದರೆ ಎರಡು ತಿಂಗಳಿಗೆ ಲಕ್ಷ ರೂಪಾಯಿ ದಾಟುತ್ತದೆ. ಹೊಸ ಕಂಪನಿ ಅದನ್ನು ಕೊಡುತ್ತದಾ ಅಂತ ಮೊದಲ ಕರೆಯಲ್ಲೇ ಕೇಳಬಹುದಿತ್ತು. ಕೇಳದೆ ಹೋದರೆ ಮೂರು ಸುತ್ತು ಇಂಟರ್ವ್ಯೂ ಮುಗಿದ ಮೇಲೆ ಇದೇ ಕಾರಣಕ್ಕೆ ನಿಂತುಹೋಗುತ್ತದೆ. ಅಷ್ಟರಲ್ಲಿ ಅವಳು ಎರಡು ಸಲ ಸುಳ್ಳು ಹೇಳಿ ರಜೆ ಹಾಕಿರುತ್ತಾಳೆ.

ಗೆಳತಿಗೆ ಹೀಗೆ ಬರೆಯಿರಿ: “ಟೆಸ್ಟಿಂಗ್‌ನಲ್ಲಿ ಒಂದು ಕೆಲಸ ಇದೆ. ವೈಟ್‌ಫೀಲ್ಡ್, ವಾರಕ್ಕೆ ಮೂರು ದಿನ ಆಫೀಸ್, ಹದಿಮೂರರವರೆಗೆ ಕೊಡ್ತಾರಂತೆ, ಒಂದು ತಿಂಗಳಲ್ಲಿ ಸೇರಬೇಕು. ನನಗೆ ಬೇಡ ಅಂತ ಹೇಳಿದ್ದೇನೆ. ನಿನಗೆ ಬೇಕಾದರೆ ಇವರ ನಂಬರ್ ಇದು, ನನ್ನ ಹೆಸರು ಹೇಳು. ಕಂಪನಿ ಯಾವುದು ಅಂತ ತಿಳಿದುಕೊಂಡು, ಅಲ್ಲಿ ನಿನಗೆ ಗೊತ್ತಿರುವವರು ಇದ್ದರೆ ಮೊದಲು ಅವರನ್ನು ಕೇಳು.” ಕೊನೆಯ ಸಾಲನ್ನು ಬಿಡಬೇಡಿ. ನಿಮ್ಮ ವಿಷಯದಲ್ಲಿ ಆ ಒಂದು ಸಾಲು ಸಾಕಿತ್ತು.

ಅವಳು ಹೂಂ ಅಂದ ಮೇಲೆ ರಿಕ್ರೂಟರ್‌ಗೆ ಎರಡು ವಾಕ್ಯ ಬರೆಯಿರಿ, ನೀವು ಕಣ್ಣಾರೆ ಕಂಡ ಕೆಲಸದ ಬಗ್ಗೆ. “ಎರಡು ವರ್ಷ ನನ್ನ ಟೀಮಿನಲ್ಲಿದ್ದರು, ಪೇಮೆಂಟ್ ಭಾಗದ ಆಟೊಮೇಶನ್ ಪೂರ್ತಿ ಅವರೇ ಬರೆದದ್ದು” ಅಂದರೆ ಅದಕ್ಕೆ ತೂಕ ಇದೆ. “ತುಂಬಾ ಟ್ಯಾಲೆಂಟೆಡ್, ಹಾರ್ಡ್‌ವರ್ಕಿಂಗ್” ಅಂದರೆ ನಾವು ಓದುವುದೂ ಇಲ್ಲ. ಅವಳ ಈಗಿನ ಸಂಬಳ ಹೇಳಬೇಡಿ. ಅದು ಬಾಯಿಬಿಟ್ಟ ಕೂಡಲೇ ಅವಳ ಚೌಕಾಸಿಯ ಬಲ ಅರ್ಧ ಹೋಯಿತು. ಯಾಕೆ ಕೆಲಸ ಬಿಡುತ್ತಿದ್ದಾಳೆ, ಮದುವೆ ಯಾವಾಗ, ಮ್ಯಾನೇಜರ್ ಜೊತೆ ಆಗಲ್ವಂತೆ, ಇವು ಯಾವುದೂ ನೀವು ಹೇಳುವ ಮಾತಲ್ಲ.

ಇಷ್ಟೆಲ್ಲ ಮಾಡುವಷ್ಟರಲ್ಲಿ ಕೆಲಸ ಕೈತಪ್ಪುತ್ತದೆ ಅನ್ನುವವರಿದ್ದಾರೆ. ಒಂದು ಫೋನ್ ಕರೆಗೆ ಎರಡು ನಿಮಿಷ ಸಾಕು. ನನ್ನ ಕಥೆ ಹೇಳುತ್ತೇನೆ. ಶುರುವಿನ ದಿನಗಳಲ್ಲಿ ಒಬ್ಬರು ಪರಿಚಯದವರು ನನಗೆ ಹೇಳದೆ ನನ್ನ ನಂಬರನ್ನು ಎಲ್ಲೋ ಕೊಟ್ಟರು. ನಾನು ಫೋನ್ ಎತ್ತಲಿಲ್ಲ ಅಂತ ಆ ರಿಕ್ರೂಟರ್ ನೇರ ಆಫೀಸಿನ ನಂಬರಿಗೆ ಮಾಡಿದರು. ಎತ್ತಿದ್ದು ನನ್ನ ಮ್ಯಾನೇಜರ್. ನಾನು ಕೆಲಸ ಹುಡುಕುತ್ತಲೂ ಇರಲಿಲ್ಲ. ಆ ವರ್ಷದ ಇನ್‌ಕ್ರಿಮೆಂಟ್ ಹೋಯಿತು. ಅದಕ್ಕೇ ಈ ವಿಷಯಕ್ಕೆ ನನಗೆ ಇಷ್ಟು ಸಿಟ್ಟು.

ಪ್ರಶ್ನೆ: ಐದಾರು ಜನರ ನಂಬರ್ ಕೊಟ್ಟರೆ ಒಬ್ಬರಿಗಾದರೂ ಕೆಲಸ ಆಗುತ್ತದೆ ಅಲ್ವಾ?

ಇಲ್ಲ. ಆ ಐದು ನಂಬರ್ ಎಕ್ಸೆಲ್ ಶೀಟಿಗೆ ಹೋಗುತ್ತವೆ, ಆ ಶೀಟು ಎಲ್ಲೆಲ್ಲಿಗೋ ಹೋಗುತ್ತದೆ, ವರ್ಷಗಟ್ಟಲೆ ಕರೆ ಬರುತ್ತಿರುತ್ತದೆ.

ಪ್ರಶ್ನೆ: ಗೆಳೆಯನನ್ನು ಸೂಚಿಸಿದೆ. ಈಗ ಆ ಕನ್ಸಲ್ಟೆನ್ಸಿಯವರು ಅವನಿಂದ ರಿಜಿಸ್ಟ್ರೇಶನ್ ಅಂತ ಮೂರು ಸಾವಿರ ಕೇಳುತ್ತಿದ್ದಾರೆ. ಕೆಲಸ ಸಿಕ್ಕ ಮೇಲೆ ವಾಪಸ್ ಕೊಡುತ್ತಾರಂತೆ. ಕಟ್ಟಬಹುದಾ?

ಒಂದು ಪೈಸೆ ಕಟ್ಟಬೇಡಿ. ಇಂಥ ಐಟಿ ಕೆಲಸಕ್ಕೆ ಕನ್ಸಲ್ಟೆನ್ಸಿಗೆ ದುಡ್ಡು ಕೊಡುವುದು ಕಂಪನಿ, ಅಭ್ಯರ್ಥಿಯಲ್ಲ. ರಿಜಿಸ್ಟ್ರೇಶನ್, ಟ್ರೈನಿಂಗ್ ಕಿಟ್, ಲ್ಯಾಪ್‌ಟಾಪ್ ಡೆಪಾಸಿಟ್, ಹೆಸರು ಏನೇ ಇರಲಿ, ಅದು ಮೋಸ. ಆಧಾರ್, ಪ್ಯಾನ್ ಪ್ರತಿ ಕಳಿಸಿದ್ದಾನಾ ಅಂತಲೂ ಗೆಳೆಯನನ್ನು ಕೇಳಿ ತಿಳಿದುಕೊಳ್ಳಿ. ದುಡ್ಡು ಈಗಾಗಲೇ ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಲಿ, ಎಷ್ಟು ಬೇಗ ಮಾಡಿದರೆ ಅಷ್ಟು ಒಳ್ಳೆಯದು. ಅವನನ್ನು ಅಲ್ಲಿಗೆ ಕಳಿಸಿದ್ದು ನೀವು, ಹಾಗಾಗಿ ಈ ಕರೆ ಮಾಡುವಾಗ ಅವನ ಪಕ್ಕದಲ್ಲಿರಿ.

ಪ್ರಶ್ನೆ: ನನಗೆ ಬೇಡ ಅಂದರೆ ಆ ರಿಕ್ರೂಟರ್ ಮುಂದೆ ನನ್ನನ್ನು ಕರೆಯುವುದೇ ಇಲ್ಲವಾ?

ಕರೆಯುತ್ತಾರೆ. ಉತ್ತರ ಕೊಡದೆ ಸುಮ್ನೆ ಇರುವವರನ್ನು ಮಾತ್ರ ಬಿಡುತ್ತಾರೆ.

ಪ್ರಶ್ನೆ: ಚಿಕ್ಕಪ್ಪನ ಮಗ ಕೆಲಸ ಹುಡುಕುತ್ತಿದ್ದಾನೆ. ಆ ಹುದ್ದೆಗೆ ಬೇಕಾದ ಅನುಭವ ಅವನಿಗಿಲ್ಲ. ಮನೆಯಲ್ಲಿ “ಒಂದು ಮಾತು ಹೇಳು” ಅಂತ ಒತ್ತಾಯ.

ರಿಕ್ರೂಟರ್ ನಂಬರ್ ಅವನಿಗೆ ಕೊಡಿ, ರಿಕ್ರೂಟರ್‌ಗೆ “ನನ್ನ ತಮ್ಮ, ಅನುಭವ ಕಡಿಮೆ, ಕೆಲಸ ನಾನು ನೋಡಿಲ್ಲ” ಅಂತ ಇದ್ದದ್ದನ್ನು ಹೇಳಿ. ಬೇರೆ ಚಿಕ್ಕ ಹುದ್ದೆ ಇದ್ದರೆ ಅವರೇ ಹೇಳುತ್ತಾರೆ. ರೆಸ್ಯೂಮೆಯಲ್ಲಿ ಎರಡು ವರ್ಷದ ಸುಳ್ಳು ಅನುಭವ ಸೇರಿಸಿಕೊಡುವ ಅಂಗಡಿಗಳಿವೆ, ಅತ್ತ ಮಾತ್ರ ಅವನನ್ನು ಬಿಡಬೇಡಿ. ಹಳೆಯ ಕಂಪನಿಯ ಪಿಎಫ್ ದಾಖಲೆ ನೋಡಿದ ದಿನ ಅದು ಸಿಕ್ಕಿಬೀಳುತ್ತದೆ, ಕೆಲಸಕ್ಕೆ ಸೇರಿ ಮೂರು ತಿಂಗಳಾಗಿದ್ದರೂ ತೆಗೆದುಹಾಕುತ್ತಾರೆ.