ಫೋಟೋದಲ್ಲಿ ಬಂದ ಕುಂಡಲಿಯಲ್ಲಿ ಏಳನೇ ಮನೆ ಹುಡುಕುವುದು ಹೇಗೆ?

"ವಾಟ್ಸಾಪ್‌ನಲ್ಲಿ ಹುಡುಗನ ಜಾತಕದ ಫೋಟೋ ಬಂದಿದೆ. ಎಡಗಡೆ ಮೇಲಿನ ಮೂಲೆಯ ಮನೆಯಿಂದಲೇ ಒಂದು, ಎರಡು ಅಂತ ಎಣಿಸಬೇಕಾ? ಏಳನೇ ಮನೆ ಯಾವುದು?"

ಇಲ್ಲ, ಎಣಿಕೆ ಶುರುವಾಗೋದು 'ಲ' ಅಥವಾ 'ಲಗ್ನ' ಅಂತ ಬರೆದ ಮನೆಯಿಂದ. ಕೆಲವರು ಅಕ್ಷರ ಬರೆಯದೆ ಆ ಮನೆಯ ಮೂಲೆಗೆ ಒಂದು ಅಡ್ಡಗೆರೆ ಎಳೆದಿರುತ್ತಾರೆ, ಅದನ್ನೂ ನೋಡಿ.

ನಮ್ಮ ರಾಯಚೂರು ಕಡೆ ಜಾತಕ ಕನ್ನಡದಲ್ಲೂ ಇರುತ್ತೆ, ತೆಲುಗಿನಲ್ಲೂ ಇರುತ್ತೆ, ಆದ್ರೆ ಚೌಕ ಒಂದೇ. ಸುತ್ತ 12 ಮನೆ, ನಡುವೆ ಖಾಲಿ ಜಾಗ. ಇದರಲ್ಲಿ ರಾಶಿಗಳು ಜಾಗ ಬದಲಿಸೋದಿಲ್ಲ. ಎಡಗಡೆ ಮೇಲಿನ ಮೂಲೆ ಯಾವತ್ತೂ ಮೀನ, ಅದರ ಬಲಕ್ಕೆ ಮೇಷ, ಆಮೇಲೆ ವೃಷಭ, ಬಲ ಮೂಲೆಗೆ ಮಿಥುನ, ಹೀಗೆ ಗಡಿಯಾರದ ಮುಳ್ಳಿನಂತೆ ಸುತ್ತಿ ಬರಬೇಕು.

ಫೋಟೋದಲ್ಲಿ ನಾನೇ ಒಮ್ಮೆ ಎಡವಿದ್ದೆ. ಅಕ್ಕನ ಮಗಳ ಜಾತಕ, ಹುಟ್ಟಿದ್ದು ಆಗಸ್ಟ್ 25, ಬೆಳಗ್ಗೆ ಆರೂವರೆ. ಯಾರೋ ಫೋನ್ ಅಡ್ಡ ಹಿಡಿದು ತೆಗೆದಿದ್ದರು. ನಾನು ಕತ್ತು ವಾಲಿಸಿ ಅಕ್ಷರ ಓದಿದೆ, ಮನೆಗಳನ್ನು ಮಾತ್ರ ಸ್ಕ್ರೀನ್ ಮೇಲೆ ಕಂಡ ಹಾಗೇ ಗುರುತು ಹಾಕಿಕೊಂಡೆ. ರವಿ, ಲಗ್ನ ಎರಡೂ ಕೆಳಸಾಲಿನಲ್ಲಿ ಎಡದಿಂದ ಎರಡನೇ ಮನೆಯಲ್ಲಿ, ಅಂದ್ರೆ ವೃಶ್ಚಿಕದಲ್ಲಿ ಬಂತು. ಆಗಸ್ಟಿನಲ್ಲಿ ಹುಟ್ಟಿದವಳಿಗೆ ವೃಶ್ಚಿಕದಲ್ಲಿ ರವಿ ಎಲ್ಲಿಂದ ಬರಬೇಕು? ಆಗಸ್ಟ್ 17ರ ಹೊತ್ತಿನಿಂದ ಸೆಪ್ಟೆಂಬರ್ 16ರ ತನಕ ರವಿ ಸಿಂಹದಲ್ಲೇ ಇರೋದು. ಫೋಟೋ ನೆಟ್ಟಗೆ ತಿರುಗಿಸಿದೆ, ಎರಡೂ ಬಲಸಾಲಿನ ಮೂರನೇ ಮನೆಗೆ ಹೋಗಿ ಕೂತವು. ಅದೇ ಸಿಂಹ. ಸೂರ್ಯ ಹುಟ್ಟುವ ಹೊತ್ತಿಗೆ ರವಿಯ ರಾಶಿಯೇ ಲಗ್ನ, ಅದೂ ತಾಳೆ ಆಯ್ತು. ಸಿಂಹದಿಂದ ಒಂದು, ಕನ್ಯಾ ಎರಡು ಅಂತ ಎಣಿಸಿದ್ರೆ ಏಳನೆಯದು ಎದುರಿನ ಕುಂಭ, ಎಡಸಾಲಿನಲ್ಲಿ ಮೀನದ ಕೆಳಗಿನದು.

ಆ ಪುಟದಲ್ಲಿ ಪಕ್ಕಪಕ್ಕ ಎರಡು ಚೌಕ ಇದ್ದರೆ ಒಂದು ರಾಶಿ ಚೌಕ, ಇನ್ನೊಂದು ಪ್ರತಿ ರಾಶಿಯನ್ನು ಒಂಬತ್ತು ಪಾಲು ಮಾಡಿ ಬರೆದ ನವಾಂಶ. ಇಲ್ಲಿ ಹೇಳಿದ ಎಣಿಕೆ ರಾಶಿ ಚೌಕದ್ದು. ಬುಧ ರವಿಯ ಮನೆಯಲ್ಲೋ ಅಕ್ಕಪಕ್ಕದ ಮನೆಯಲ್ಲೋ ಇಲ್ಲದೆ ದೂರ ಕೂತಿದ್ದರೆ ನೀವು ನೋಡ್ತಿರೋದು ನವಾಂಶವೇ, ಇಲ್ಲಾ ಅಕ್ಷರ ತಪ್ಪು ಓದಿದ್ದೀರಿ. ರಾಹು ಕೇತು ಎದುರುಬದುರು ಇವೆ ಅಂತ ಅದೇ ರಾಶಿ ಚೌಕ ಅಂದ್ಕೋಬೇಡಿ, ಅವು ಎರಡೂ ಚೌಕದಲ್ಲಿ ಹಾಗೇ ಇರುತ್ತವೆ. ಮಾಸಿದ ಶಾಯಿಯಲ್ಲಿ 'ಶ' ಮತ್ತು 'ಶು' ಕೂಡ ಒಂದೇ ಥರ ಕಾಣುತ್ತೆ. ರಾಶಿ ಚೌಕದಲ್ಲಿ ಶುಕ್ರ ರವಿಯಿಂದ ಎರಡು ಮನೆಗಿಂತ ಜಾಸ್ತಿ ಆಚೆ ಹೋಗೋದಿಲ್ಲ, ಹೋಗಿದ್ದರೆ ಅದು ಶನಿ.

ಸೊಲ್ಲಾಪುರದ ಕಡೆಯ ಸಂಬಂಧವಾದ್ರೆ ಚೌಕದೊಳಗೆ ಓರೆಗೆರೆ ಎಳೆದ ಕುಂಡಲಿ ಬರಬಹುದು. ಅದರ ಲೆಕ್ಕ ಉಲ್ಟಾ. ಅಲ್ಲಿ ಮನೆಗಳು ಕದಲೋದಿಲ್ಲ, ಮೇಲೆ ನಡುವಿನದೇ ಒಂದನೇ ಮನೆ, ಎಣಿಕೆ ಎಡಕ್ಕೆ. ಒಳಗಿನ ಅಂಕಿ ರಾಶಿಯದು, ಮನೆಯದಲ್ಲ. ಅಕ್ಕನ ಮಗಳದೇ ಹಾಗೆ ಬರೆದ್ರೆ ಮೇಲಿನ ಮನೆಯಲ್ಲಿ 5, ಅದರ ನೇರ ಕೆಳಗಿನ ಏಳನೇ ಮನೆಯಲ್ಲಿ 11 ಇರುತ್ತೆ. '1' ಕಂಡಲ್ಲಿಂದ ಎಣಿಸೋಕೆ ಹೋಗಬೇಡಿ, ಅದು ಮೇಷ ಅಷ್ಟೇ.