"ಪಾರ್ಕಿಂದ ಮನೆಗೆ ಹೋಗೋಣ್ವಾ?" ಅಂತ ಕೇಳಿದ್ರೆ ಮಗು "ಬೇಡ" ಅಂತಾನೇ ಹೇಳೋದು: ಒಂದು ಪ್ರಕರಣ

ಮಗುಗೆ ಎರಡು ವರ್ಷ ಎಂಟು ತಿಂಗಳು, ಹೆಣ್ಣುಮಗು, ಇಲ್ಲಿ ಪುಟ್ಟಿ ಅಂತಾನೇ ಕರೆಯೋಣ (ಮನೆಯವರ ಗುರುತು ಸಿಗೋ ವಿವರ ಎಲ್ಲಾ ಬದಲಾಯಿಸಿದ್ದೀನಿ). ಅಪ್ಪ ಅಮ್ಮ ಇಬ್ರೂ ಕೆಲಸಕ್ಕೆ ಹೋಗ್ತಾರೆ, ಮನೇಲಿ ಅಜ್ಜಿ ಇದ್ದಾರೆ, ಬೆಳಿಗ್ಗೆ ಪ್ಲೇಹೋಮ್, ಸಂಜೆ ಅಜ್ಜಿ ಜೊತೆ ಪಾರ್ಕ್. ಅಮ್ಮ ನನ್ನ ಹತ್ರ ಸಲಹೆ ಕೇಳೋಕೆ ಬಂದಿದ್ದು ಎರಡು ಜಗಳಕ್ಕೆ. ಬೆಳಿಗ್ಗೆ ಬಟ್ಟೆ ಹಾಕೋಕೆ ಮುಕ್ಕಾಲು ಗಂಟೆ ಹಿಡಿಯುತ್ತೆ, ಸಂಜೆ ಪಾರ್ಕಿಂದ ಹೊರಡುವಾಗ ಮಗು ಮಣ್ಣಲ್ಲಿ ಮಲಗಿಬಿಡತ್ತೆ, ಅಜ್ಜಿ ಚಾಕೊಲೇಟ್ ಆಸೆ ತೋರ್ಸಿ ಎಬ್ಬಿಸ್ತಾರೆ. "ಮೇಡಂ, ಇವಳಿಗೆ ಸಿಕ್ಕಾಪಟ್ಟೆ ಹಠ" ಅಂದ್ರು.

ಹಠದ ವಿಷಯ ಆಮೇಲೆ ನೋಡೋಣ, ನಿನ್ನೆ ಬೆಳಿಗ್ಗೆ ನೀವು ಏನೇನ್ ಅಂದ್ರಿ, ಅವಳೇನ್ ಅಂದ್ಳು, ಹಾಗ್ಹಾಗೇ ಹೇಳಿ ಅಂತ ಕೇಳ್ದೆ. ಮೊದಲನೇ ಮಾತು "ಪುಟ್ಟಾ, ಬಟ್ಟೆ ಹಾಕ್ಕೊಳ್ಳೋಣ್ವಾ?" ಅವಳು "ಬೇಡ". "ಬೇಡ ಅಂದ್ರೆ ಹೇಗೆ, ವ್ಯಾನ್ ಬರತ್ತೆ". ಮತ್ತೆ "ಬೇಡ". ಆಮೇಲೆ ಅಮ್ಮ ಸಮಾಧಾನಕ್ಕೆ ಅಂತ ಬೀರು ಪೂರ್ತಿ ತೆಗೆದು "ಸರಿ, ನಿಂಗೆ ಯಾವ್ದು ಬೇಕು ನೀನೇ ಹೇಳು" ಅಂದ್ರು. ಪುಟ್ಟಿ ಹಬ್ಬದ ರೇಷ್ಮೆ ಲಂಗ ತೋರ್ಸಿದ್ಳು. "ಅದಲ್ಲ, ಬೇರೆ ಹೇಳು." ಅಲ್ಲಿಂದ ಶುರು ಆಯ್ತು ಅಳು.

ನೋಡಿ, ಇಲ್ಲಿ ಮಗು ತಪ್ಪೇನೂ ಮಾಡಿಲ್ಲ. ಕೇಳಿದ್ದಕ್ಕೆ ಉತ್ತರ ಕೊಟ್ಟಿದೆ ಅಷ್ಟೇ. ಬಟ್ಟೆ ಹಾಕ್ಲೇಬೇಕು ಅನ್ನೋದು ಮೊದಲೇ ತೀರ್ಮಾನ ಆಗಿರೋ ವಿಷಯ, ಅದನ್ನ ಪ್ರಶ್ನೆ ಮಾಡಿ ಕೇಳಿದ್ರೆ "ಬೇಡ" ಅನ್ನೋದು ಅದಕ್ಕೆ ನ್ಯಾಯವಾದ ಉತ್ತರನೇ, ಆಮೇಲೆ ಆ ಉತ್ತರ ನಾವು ಒಪ್ಪಲ್ಲ ಅಂದ್ರೆ ಮಗುಗೆ ಸಿಟ್ಟು ಬರದೇ ಇರತ್ತಾ. ಎರಡನೇದು, ಬೀರು ತುಂಬಾ ಬಟ್ಟೆ ತೋರ್ಸಿ "ಯಾವ್ದು ಬೇಕಾದ್ರೂ" ಅನ್ನೋದು ಈ ವಯಸ್ಸಿಗೆ ತುಂಬಾ ದೊಡ್ಡ ಪ್ರಶ್ನೆ, ಜೊತೆಗೆ ಅದು ನಿಜಾನೂ ಅಲ್ಲ, ಯಾಕಂದ್ರೆ ರೇಷ್ಮೆ ಲಂಗ ಕೊಡೋಕೆ ಅಮ್ಮ ತಯಾರಿಲ್ಲ.

ಹಾಗಾಗಿ ನಾನು ಕೊಟ್ಟ ಸಲಹೆ ಹೀಗಿತ್ತು. ಹಾಕ್ಬೇಕೋ ಬೇಡ್ವೋ ಅನ್ನೋದು ದೊಡ್ಡವರ ಕೈಲಿ, ಅದನ್ನ ಪ್ರಶ್ನೆ ಮಾಡ್ಬೇಡಿ, "ಈಗ ಬಟ್ಟೆ ಹಾಕೋ ಟೈಮು" ಅಂತ ಹೇಳಿಬಿಡಿ. ಯಾವ್ದು, ಎಲ್ಲಿ ಕೂತು, ಯಾವ ಕಾಲು ಮೊದಲು ಅನ್ನೋದು ಮಗು ಕೈಲಿ. ರಾತ್ರಿನೇ ಎರಡು ಜೊತೆ ತೆಗೆದಿಡಿ, ಎರಡೂ ನಿಮಗೆ ಒಪ್ಪಿಗೆ ಇರೋದೇ ಆಗಿರ್ಬೇಕು, ರೇಷ್ಮೆ ಲಂಗ ಕಣ್ಣಿಗೆ ಬೀಳದ ಹಾಗೆ ಮೇಲೆ ಹಾಕಿ. ಬೆಳಿಗ್ಗೆ ಎರಡನ್ನೂ ಎರಡು ಕೈಲಿ ಹಿಡಿದು ತೋರ್ಸಿ "ಹಳದೀದಾ, ನೀಲೀದಾ?" ಅಂತ ಕೇಳಿ, ಬಾಯಿ ಮುಚ್ಕೊಂಡು ಮನಸ್ಸಲ್ಲೇ ಹತ್ತರ ತನಕ ಎಣಿಸಿ. ಕೈಲಿ ಹಿಡಿದು ತೋರ್ಸಿ ಅಂತ ಯಾಕೆ ಒತ್ತಿ ಹೇಳ್ತೀನಿ ಅಂದ್ರೆ, ಬರೀ ಬಾಯಲ್ಲಿ ಕೇಳಿದ್ರೆ ಇಷ್ಟು ಚಿಕ್ಕ ಮಕ್ಕಳು ಸುಮಾರು ಸಲ ಕೊನೇಗೆ ಕೇಳಿಸಿದ್ದನ್ನೇ ತಿರುಗಿ ಹೇಳ್ತಾರೆ, ಅದು ಅವರ ಆಯ್ಕೆ ಆಗಿರಲ್ಲ, ಆಮೇಲೆ ಹಾಕೋವಾಗ "ಇದಲ್ಲ" ಅಂತ ಅಳು. ಬೆರಳಲ್ಲಿ ತೋರ್ಸಿದ್ರೆ, ಇಲ್ಲಾ ಹೋಗಿ ಹಿಡ್ಕೊಂಡ್ರೆ ಅದು ನಿಜವಾದ ಉತ್ತರ.

"ಎರಡೂ ಬೇಡ ಅಂದ್ರೆ?" ಅಂತ ಅಮ್ಮ ಕೇಳಿದ್ರು, ಎಲ್ಲರೂ ಕೇಳ್ತಾರೆ, ಯಾಕಂದ್ರೆ ಅದು ಖಂಡಿತ ಬರತ್ತೆ. ಆಗ ಒಂದೇ ಸಲ, ಮೆತ್ತಗೆ, "ಎರಡೂ ಇಷ್ಟ ಆಗ್ಲಿಲ್ಲ ನಿಂಗೆ. ಇವತ್ತು ಇರೋದು ಇವೆರಡೇ. ನೀನು ತೋರಿಸ್ತೀಯಾ, ಅಮ್ಮ ತಗೊಳ್ಳಾ?" ಸ್ವಲ್ಪ ಹೊತ್ತು ಬಿಟ್ಟು ಉತ್ತರ ಬರ್ಲಿಲ್ಲ ಅಂದ್ರೆ ಒಂದನ್ನ ತಗೊಂಡು ಹಾಕಿಬಿಡಿ. ಮೂರನೇ ಬಟ್ಟೆ ತರ್ಬೇಡಿ, ತಂದ್ರೆ ನಾಳೆ ನಾಲ್ಕನೇದು ತರ್ಬೇಕಾಗತ್ತೆ. ಅಳ್ತಾ ಇದ್ರೆ ಅಳ್ಲಿ, ಬೈಯೋದು ಬೇಡ, "ನೀನೇ ಹೇಳ್ಲಿಲ್ವಲ್ಲ" ಅಂತ ಚುಚ್ಚೋದೂ ಬೇಡ.

ಪಾರ್ಕಿನ ವಿಷಯ ಸ್ವಲ್ಪ ಕಷ್ಟ ಇತ್ತು. ಎಲ್ಲರೂ ಹೇಳೋ ಆಯ್ಕೆ "ನಡ್ಕೊಂಡು ಬರ್ತೀಯಾ, ಎತ್ಕೊಳ್ಳಾ?" ಅದು ಒಳ್ಳೇದೇ, ಆದ್ರೆ ಈ ಅಜ್ಜಿಗೆ ಮಂಡಿ ನೋವು, ಎತ್ತೋಕೆ ಆಗಲ್ಲ, ಮಗುಗೂ ಅದು ಗೊತ್ತು. ನಡೆಸಿಕೊಡೋಕೆ ಆಗದ ಆಯ್ಕೆ ಕೊಟ್ರೆ ಎರಡು ದಿನದಲ್ಲಿ ಮಗು ಕಂಡುಹಿಡಿಯತ್ತೆ. ಮುಂದಿನ ಸಲ ಅಜ್ಜಿನೂ ಬಂದಿದ್ರು, ಅವರು ಇನ್ನೊಂದು ಮಾತು ಹೇಳಿದ್ರು, "ಟಾಟಾ, ನಾನ್ ಹೋಗ್ತೀನಿ, ನೀನಿಲ್ಲೇ ಇರು ಅಂತೀನಮ್ಮಾ, ಆಗ ಓಡಿ ಬರ್ತಾಳೆ". ಅದು ಬಿಡಿ ಅಂತ ಅಜ್ಜಿಗೆ ಹೇಳ್ದೆ. ಅದು ಆಯ್ಕೆ ಥರ ಕೇಳ್ಸತ್ತೆ, ಆದ್ರೆ ಮಗು ಬರೋದು ಭಯಕ್ಕೆ, ನೀವು ಬಿಟ್ಟು ಹೋಗೋದೂ ಇಲ್ಲ. ಗುಮ್ಮ, ಪೊಲೀಸು ಕೂಡ ಹಾಗೇ.

ಕೊನೆಗೆ ಒಪ್ಪಿದ್ದು ಏನಂದ್ರೆ ಮೊದಲ ಎರಡು ವಾರ ಪಾರ್ಕಿಗೆ ಹೋಗೋ ಟೈಮ್ ಸ್ವಲ್ಪ ಮುಂದೆ ಹಾಕೋದು, ಹೊರಡೋ ಹೊತ್ತಿಗೆ ಅಪ್ಪ ಆಫೀಸಿಂದ ಸೀದಾ ಅಲ್ಲಿಗೇ ಬರೋದು. "ಇನ್ನೈದು ನಿಮಿಷ" ಅನ್ನೋದು ಈ ವಯಸ್ಸಿಗೆ ಅರ್ಥ ಆಗಲ್ಲ, ಅದಕ್ಕೇ ಹತ್ರ ಹೋಗಿ, ಕೂತು, ಮುಖ ನೋಡಿ, "ಇನ್ನೊಂದೇ ಆಟ, ಆಮೇಲೆ ಮನೆ. ಜಾರುಬಂಡೆನಾ, ಉಯ್ಯಾಲೆನಾ?" ಆ ಜಾಗಕ್ಕೆ ಕೈ ತೋರ್ಸಿ ಕೇಳೋದು. ಜಾರುಬಂಡೆ ಅಂದ್ರೆ ಎರಡು ಸಲ, ಉಯ್ಯಾಲೆ ಅಂದ್ರೆ ಹತ್ತು ತೂಗು, ಜೋರಾಗಿ ಎಣಿಸೋದು. ಮುಗಿದ ತಕ್ಷಣ "ಈಗ ಮನೆ. ನಡೀತೀಯಾ, ಅಪ್ಪ ಎತ್ಕೊಳ್ಳಾ?" ಉತ್ತರ ಇಲ್ಲ ಅಂದ್ರೆ ಅಪ್ಪ ಎತ್ಕೊಂಡು ಹೊರಟುಬಿಡೋದು, ಚಾಕೊಲೇಟ್ ಇಲ್ಲ, ಭಾಷಣ ಇಲ್ಲ. ಅಜ್ಜಿ ಒಬ್ರೇ ಇರೋ ದಿನಕ್ಕೆ ಸ್ಟ್ರಾಲರ್ ತಗೊಂಡು ಹೋಗೋದು, "ನೀನು ತಳ್ತೀಯಾ, ಒಳಗೆ ಕೂರ್ತೀಯಾ?" ರಸ್ತೆ ಬಂದ್ಮೇಲೆ ಮಾತ್ರ ಆಯ್ಕೆ ಇಲ್ಲ, ಕೈ ಹಿಡಿಯಲೇಬೇಕು.

ಮೊದಲ ವಾರ ಬಟ್ಟೆ ಜಗಳ ಸ್ವಲ್ಪ ಜಾಸ್ತಿನೇ ಆಯ್ತು, ಮಗು ಈ ಎರಡೇ ಅನ್ನೋ ಮಾತು ನಿಜಾನಾ ಅಂತ ಪರೀಕ್ಷೆ ಮಾಡ್ತಾ ಇತ್ತು. ಅಮ್ಮ ಖುಷೀಲಿ ಇನ್ನೊಂದು ಮಾಡಿದ್ರು, ಬ್ರಷ್, ಲೋಟ, ತಟ್ಟೆ, ಚಪ್ಪಲಿ, ಎಲ್ಲದಕ್ಕೂ ಎರಡೆರಡು ಕೇಳೋಕೆ ಶುರು ಮಾಡಿದ್ರು. ಮಗು ಸುಸ್ತಾಗಿ "ಅಮ್ಮಾ ಸಾಕೂ" ಅಂತ ಲೋಟ ಎಸೀತು. ಬೆಳಿಗ್ಗೆ ಒಂದು, ತುಂಬಾ ಅಂದ್ರೆ ಎರಡು ಆಯ್ಕೆ ಸಾಕು ಅಂತ ಇಳಿಸಿದ್ವಿ. ಒಂದು ತಿಂಗಳಲ್ಲಿ ಬಟ್ಟೆ ಹಾಕೋದು ಹೆಚ್ಚಿನ ದಿನ ಹತ್ತು ಹದಿನೈದು ನಿಮಿಷಕ್ಕೆ ಬಂತು. ಪಾರ್ಕಿಂದ ಬರುವಾಗ ಈಗಲೂ ವಾರದಲ್ಲಿ ಒಂದೆರಡು ದಿನ ಅಳ್ತಾಳೆ, ಆದ್ರೆ ಅಳ್ತಾ ಅಳ್ತಾನೇ ಬರ್ತಾಳೆ, ಮಣ್ಣಲ್ಲಿ ಮಲಗೋದು ಹೆಚ್ಚುಕಮ್ಮಿ ನಿಂತಿದೆ. ಅಮ್ಮ "ಇನ್ನೂ ಅಳ್ತಾಳಲ್ಲ" ಅಂತ ಬೇಜಾರು ಮಾಡ್ಕೊಂಡ್ರು. ಆಟ ಬಿಟ್ಟು ಬರೋಕೆ ಬೇಜಾರಾಗೋದು ಸಹಜ, ಅದನ್ನ ತೆಗೆಯೋಕೆ ಅಂತ ನಾವು ಇದನ್ನ ಮಾಡ್ತಿಲ್ಲ.

ಮಧ್ಯಾಹ್ನ ನಿದ್ದೆ ತಪ್ಪಿದ ದಿನ, ಹೊಟ್ಟೆ ಹಸಿದಾಗ, ಕಿರುಚಾಟ ಪೂರ್ತಿ ಏರಿಬಿಟ್ಟಾಗ ಆಯ್ಕೆ ಕೇಳಬೇಡಿ, ಆ ಹೊತ್ತಲ್ಲಿ ಆರಿಸೋ ಶಕ್ತಿ ಮಗುಗೆ ಇರಲ್ಲ, ಪ್ರಶ್ನೆ ಇನ್ನೂ ಕೆರಳಿಸತ್ತೆ. ಎತ್ಕೊಳ್ಳಿ, ಎರಡೇ ಮಾತು, ಮನೆಗೆ ಹೋಗಿ.

ಇನ್ನೊಂದು ವಿಷಯ ಅಮ್ಮನೇ ಗಮನಿಸಿದ್ದು. ಎರಡರಲ್ಲಿ ಲೆಗ್ಗಿಂಗ್ಸ್ ಇರೋ ಜೊತೆ ಪುಟ್ಟಿ ಯಾವತ್ತೂ ಮುಟ್ತಾನೇ ಇರ್ಲಿಲ್ಲ, ನೋಡಿದ್ರೆ ಸೊಂಟದ ಎಲಾಸ್ಟಿಕ್ ಕೆಂಪಗೆ ಗುರುತು ಬೀಳೋಷ್ಟು ಬಿಗಿ ಇತ್ತು. ಅದನ್ನ ತೆಗೆದಿಟ್ರು, ಅಲ್ಲಿಗೆ ಆ ಜಗಳ ಮುಗೀತು. ಆದ್ರೆ ಮಗು ಲೇಬಲ್, ಹೊಲಿಗೆ, ಸಾಕ್ಸು, ಯಾವ ಬಟ್ಟೆ ತಾಗಿದ್ರೂ ಚೀರಿ ಕಿತ್ತು ಹಾಕ್ತಾ ಇದ್ರೆ, ಇಲ್ಲಾ ಎರಡು ವರ್ಷ ದಾಟಿದ್ರೂ "ಅಮ್ಮ ಬಾ", "ಹಾಲು ಬೇಕು" ಥರ ಎರಡು ಪದ ಸೇರಿಸಿ ಮಾತಾಡ್ತಾ ಇಲ್ಲ ಅಂದ್ರೆ, ಈ ಎರಡು ಬಟ್ಟೆ ಉಪಾಯದಲ್ಲೇ ತಿಂಗಳುಗಟ್ಟಲೆ ಕಳೀಬೇಡಿ, ಮಕ್ಕಳ ಡಾಕ್ಟರಿಗೆ ಮೊದಲು ತೋರ್ಸಿ.